ಸರಾಸರಿಯಲ್ಲಿ ಕಾಣದ ಗ್ರಾಹಕ

ಫೋನು ಮಾಡಿದ ಗ್ರಾಹಕ ಕಾಯುತ್ತಿದ್ದರೆ ಅದು ಅಂಗಡಿಯವರ ಕಿವಿಗೆ ಬೀಳುತ್ತದೆ, ಏಕೆಂದರೆ ರಿಂಗ್ ಆಗುತ್ತಲೇ ಇರುತ್ತದೆ. ವಾಟ್ಸಾಪಿನಲ್ಲೋ ಇನ್‌ಸ್ಟಾಗ್ರಾಂನಲ್ಲೋ ನೇರವಾಗಿ ಮೆಸೇಜು ಕಳಿಸಿದವರ ಕಾಯುವಿಕೆಗೆ ಸದ್ದಿಲ್ಲ. ಹೀಗಾಗಿ ಮೆಸೇಜಿನ ಮೂಲಕ ವ್ಯವಹಾರ ಮಾಡುವ ಸಂಸ್ಥೆಗಳು ಆ ಕಾಯುವಿಕೆಯನ್ನು ಅಳೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಹುಪಾಲು ಕಡೆ ಅದನ್ನು ಅಳೆಯುವುದು ಒಂದೇ ಒಂದು ಅಂಕಿಯಿಂದ: ಮೊದಲ ಉತ್ತರ ಹೋಗುವುದಕ್ಕೆ ಸರಾಸರಿ ಎಷ್ಟು ಹೊತ್ತಾಯಿತು ಎಂಬುದರಿಂದ. ಅದಕ್ಕೊಂದು ವಾರದ ಗುರಿ ಇಡುತ್ತಾರೆ. ಸೋಮವಾರದ ಮೀಟಿಂಗಿನಲ್ಲಿ ಆ ಅಂಕಿ ಗುರಿಗಿಂತ ಕೆಳಗಿದ್ದರೆ ಶಹಬ್ಬಾಸ್, ಮೇಲಿದ್ದರೆ ವಿವರಣೆ ಕೊಡಬೇಕು. ಈ ಅಂಕಿಯನ್ನು ನೋಡುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನೇ ವಾರದ ಗುರಿ ಮಾಡಿದರೆ ಯಾರಿಗೋಸ್ಕರ ಅಳತೆ ಶುರುವಾಯಿತೋ ಅವರೇ ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಇದು ಸಿಬ್ಬಂದಿಯ ಸೋಮಾರಿತನದಿಂದಲೋ ಕಳ್ಳಬುದ್ಧಿಯಿಂದಲೋ ಆಗುವುದಲ್ಲ. ಆ ಲೆಕ್ಕದ ಕಟ್ಟೋಣದಲ್ಲೇ ಇರುವ ದೋಷ.

ಅಂಕಿ ಹುಟ್ಟುವ ಬಗೆಯನ್ನು ಮೊದಲು ನೋಡೋಣ. ಗ್ರಾಹಕರ ಮೊದಲ ಮೆಸೇಜು ಬಂದಾಗ ಗಡಿಯಾರ ಶುರುವಾಗುತ್ತದೆ, ಸಂಸ್ಥೆಯ ಕಡೆಯಿಂದ ಮೊದಲ ಉತ್ತರ ಹೋದಾಗ ನಿಲ್ಲುತ್ತದೆ. ವಾರದಲ್ಲಿ ಹೀಗೆ ನಿಂತ ಗಡಿಯಾರಗಳ ಸಮಯವನ್ನೆಲ್ಲ ಕೂಡಿಸಿ, ಎಷ್ಟು ಗಡಿಯಾರಗಳು ನಿಂತವೋ ಅಷ್ಟರಿಂದ ಭಾಗಿಸುತ್ತಾರೆ. ‘ನಿಂತ ಗಡಿಯಾರ’ ಎಂಬುದನ್ನು ಇಲ್ಲಿ ಗಮನಿಸಬೇಕು. ಉತ್ತರವೇ ಸಿಗದ ಗ್ರಾಹಕನ ಗಡಿಯಾರ ಇನ್ನೂ ಓಡುತ್ತಿರುತ್ತದೆ. ಅವನ ಹೊತ್ತು ಮೊತ್ತದಲ್ಲೂ ಇಲ್ಲ, ಭಾಗಿಸುವ ಸಂಖ್ಯೆಯಲ್ಲಿ ಅವನೂ ಇಲ್ಲ. ಅತಿ ಹೆಚ್ಚು ಕಾದವನು ಈ ಸರಾಸರಿಯ ಮಟ್ಟಿಗೆ ಮೆಸೇಜನ್ನೇ ಕಳಿಸಿಲ್ಲ.

ಒಂದು ಕಲ್ಪಿತ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಒಂದು ಸೀರೆ ಅಂಗಡಿ ಇದೆ ಎನ್ನೋಣ. ಅಂಗಡಿಗೆ ಭಾನುವಾರ ರಜೆ. ಒಂದು ವಾರದಲ್ಲಿ ಅಲ್ಲಿಗೆ 100 ಜನ ಮೆಸೇಜು ಕಳಿಸಿದರು. 80 ಜನರಿಗೆ 5 ನಿಮಿಷದಲ್ಲಿ ಉತ್ತರ ಹೋಯಿತು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡ 12 ಜನರಿಗೆ ಒಂದು ಗಂಟೆ ಹಿಡಿಯಿತು. ಐವರ ಮೆಸೇಜು ಬಂದದ್ದು ಶನಿವಾರ ರಾತ್ರಿ 9ಕ್ಕೆ. ಅವರಿಗೆ ಉತ್ತರ ಹೋದದ್ದು ಸೋಮವಾರ ಬೆಳಿಗ್ಗೆ 9ಕ್ಕೆ, ಅಂದರೆ 36 ಗಂಟೆಗಳ ನಂತರ. ಉಳಿದ ಮೂವರಿಗೆ ಉತ್ತರವೇ ಹೋಗಲಿಲ್ಲ. ಮೊದಲ 92 ಜನರ ಕಾಯುವಿಕೆ ಒಟ್ಟು 1,120 ನಿಮಿಷ. ಶನಿವಾರದ ಐವರದ್ದೇ 10,800 ನಿಮಿಷ. ಎರಡನ್ನೂ ಕೂಡಿಸಿ ಉತ್ತರ ಪಡೆದ 97ರಿಂದ ಭಾಗಿಸಿದರೆ ಸರಾಸರಿ 2 ಗಂಟೆ 3 ನಿಮಿಷ. ಆ ವಾರ ಎರಡು ಗಂಟೆ ಕಾದ ಗ್ರಾಹಕ ಒಬ್ಬನೂ ಇಲ್ಲ. ಹತ್ತರಲ್ಲಿ ಎಂಟು ಜನ ಐದೇ ನಿಮಿಷ ಕಾದರು, ಕೆಲವರು ಒಂದೂವರೆ ದಿನ ಕಾದರು, ಮೂವರು ಇನ್ನೂ ಕಾಯುತ್ತಿದ್ದಾರೆ. ಈ ಮೂರು ಅನುಭವಗಳಲ್ಲಿ ಒಂದನ್ನೂ ಸರಾಸರಿ ಹೇಳುವುದಿಲ್ಲ.

ಈಗ ಮಾಲೀಕರು ‘ಬರುವ ವಾರ ಸರಾಸರಿ 30 ನಿಮಿಷದೊಳಗೆ ಇರಬೇಕು’ ಎಂದು ಗುರಿ ಕೊಟ್ಟರು ಎನ್ನಿ. ಸಿಬ್ಬಂದಿ ಪ್ರಾಮಾಣಿಕವಾಗಿ ದುಡಿದು, ಮಧ್ಯಾಹ್ನದ ಆ 12 ಜನರ ಕಾಯುವಿಕೆಯನ್ನು ಒಂದು ಗಂಟೆಯಿಂದ ಅರ್ಧ ಗಂಟೆಗೆ ಇಳಿಸಿದರು. ಸರಾಸರಿ 1 ಗಂಟೆ 59 ನಿಮಿಷಕ್ಕೆ ಬಂತು. ಅಷ್ಟು ಬೆವರಿಗೆ ಸಿಕ್ಕಿದ್ದು ನಾಲ್ಕು ನಿಮಿಷಕ್ಕೂ ಕಡಿಮೆ. ಬದಲಿಗೆ ಶನಿವಾರ ರಾತ್ರಿಯ ಐವರಿಗೆ ಉತ್ತರ ಕೊಡುವುದನ್ನೇ ಬಿಟ್ಟರೆ? ಆಗ 1,120ನ್ನು 92ರಿಂದ ಭಾಗಿಸಬೇಕು, ಸರಾಸರಿ 12 ನಿಮಿಷ. ಗುರಿ ಮುಟ್ಟಿತು, ಗುರಿಯ ಅರ್ಧಕ್ಕಿಂತಲೂ ಕೆಳಗೆ ಹೋಯಿತು. ಐವರು ಗ್ರಾಹಕರನ್ನು ಕೈಬಿಟ್ಟದ್ದಕ್ಕೆ ಈ ಅಳತೆ ಕೊಡುವ ಬಹುಮಾನ ಅದು. ಸೋಮವಾರ ಬೆಳಿಗ್ಗೆ ಹಳೆಯ ಮೆಸೇಜೊಂದನ್ನು ತೆರೆದು ‘ತಡವಾಯಿತು, ಕ್ಷಮಿಸಿ’ ಎಂದು ಬರೆಯುವ ನೌಕರ ತನ್ನ ವಾರದ ಅಂಕಿಯನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ಮನುಷ್ಯನಾಗಿ ಮಾಡಬೇಕಾದ ಕೆಲಸಕ್ಕೂ ಗುರಿ ಬೇಡುವ ಕೆಲಸಕ್ಕೂ ಇಂಥ ವಿರೋಧ ಹುಟ್ಟಿಸುವ ಅಳತೆಯನ್ನು ಸೇವೆಯ ಅಳತೆ ಎಂದು ಕರೆಯಲಾಗದು.

ಕೈಬಿಡಲು ಮನಸ್ಸು ಬಾರದವರಿಗೆ ಇನ್ನೊಂದು ದಾರಿ ಇದೆ. ‘ನಮಸ್ಕಾರ, ನಿಮ್ಮ ಸಂದೇಶ ತಲುಪಿದೆ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ’ ಎಂಬ ಸಿದ್ಧ ವಾಕ್ಯ ಕಳಿಸಿದರೆ ಸಾಕು, ಗಡಿಯಾರ ನಿಲ್ಲುತ್ತದೆ. ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲಿ ಸ್ವಾಗತದ ಮೆಸೇಜು, ಕಚೇರಿ ಮುಚ್ಚಿದ್ದಾಗಿನ ಮೆಸೇಜು ತಾವಾಗಿಯೇ ಹೋಗುವಂತೆ ಇಡಬಹುದು. ಅದು ಒಳ್ಳೆಯ ಸೌಕರ್ಯವೇ. ರಾತ್ರಿ ಹನ್ನೊಂದಕ್ಕೆ ಕೇಳಿದವರಿಗೆ ಬೆಳಿಗ್ಗೆ ಒಂಬತ್ತರವರೆಗೆ ಯಾರೂ ಇರುವುದಿಲ್ಲ ಎಂದು ತಿಳಿದರೆ ಅವರು ನಿಶ್ಚಿಂತೆಯಿಂದ ಮಲಗುತ್ತಾರೆ. ಆದರೆ ಅದನ್ನು ‘ಮೊದಲ ಉತ್ತರ’ ಎಂದು ಎಣಿಸತೊಡಗಿದ ದಿನ ಅಂಕಿ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ, ಅಳತೆ ಸಾಯುತ್ತದೆ. ಮನುಷ್ಯರೇ ಕೂತು ಬರೆದರೂ ‘ನೋಡಿ ಹೇಳುತ್ತೇವೆ ಮೇಡಂ’ ಎಂಬ ಒಂದು ಸಾಲಿನಿಂದ ಅದೇ ಕೆಲಸ ಆಗುತ್ತದೆ. ಸೀರೆಯ ಬಣ್ಣ ಹೋಗುತ್ತದೆಯೇ, ಶುಕ್ರವಾರದೊಳಗೆ ಪಾರ್ಸೆಲ್ ತಲುಪುತ್ತದೆಯೇ ಎಂದು ಕೇಳಿದವಳಿಗೆ ಬೇಕಾದದ್ದು ಆ ಸಾಲಲ್ಲ.

ಹೀಗಾಗುತ್ತಿದೆಯೇ ಎಂದು ಪತ್ತೆ ಹಚ್ಚುವುದು ಕಷ್ಟವಲ್ಲ. ಮೊದಲ ಉತ್ತರಕ್ಕೂ ಎರಡನೆಯ ಉತ್ತರಕ್ಕೂ ನಡುವಿನ ಅಂತರ ನೋಡಿ. ಮೊದಲನೆಯದು ಬೇಗ ಬರುತ್ತಾ ಹೋದಂತೆ ಎರಡನೆಯದು ದೂರ ಸರಿಯುತ್ತಿದ್ದರೆ ಕಾಯುವಿಕೆ ಕಡಿಮೆಯಾಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಉತ್ತರ ಬಂದ ಮೇಲೂ ಗ್ರಾಹಕರು ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದು, ಬರೀ ಪ್ರಶ್ನಾರ್ಥಕ ಚಿಹ್ನೆ ಕಳಿಸುವುದು ಹೆಚ್ಚಿದರೆ ಅದೂ ಸಾಕ್ಷಿ. ಉತ್ತರ ಹೋದ ಸಮಯಗಳನ್ನು ಸಾಲಾಗಿ ಜೋಡಿಸಿದಾಗ ಮಿತಿ ಮುಗಿಯುವ ಸ್ವಲ್ಪ ಮುಂಚೆ ಒಂದು ಗುಡ್ಡೆ ಎದ್ದಿದ್ದರೆ, ಉತ್ತರಗಳು ಹೋಗುತ್ತಿರುವುದು ಗ್ರಾಹಕರ ಅಗತ್ಯಕ್ಕಲ್ಲ, ಗಡಿಯಾರದ ಭಯಕ್ಕೆ.

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಗುಡ್ಡೆಯನ್ನು ಸಂಶೋಧಕರು ಸ್ಪಷ್ಟವಾಗಿ ಗುರುತಿಸಿದ್ದಾರೆ. ತುರ್ತು ವಿಭಾಗಕ್ಕೆ ಬಂದವರಲ್ಲಿ ಶೇ. 98ರಷ್ಟು ಜನ ನಾಲ್ಕು ಗಂಟೆಯೊಳಗೆ ದಾಖಲಾಗಬೇಕು, ಬೇರೆಡೆಗೆ ವರ್ಗವಾಗಬೇಕು ಇಲ್ಲವೇ ಮನೆಗೆ ಹೋಗಬೇಕು ಎಂಬ ಗುರಿ 2004ರ ಹೊತ್ತಿಗೆ ಅಲ್ಲಿ ಜಾರಿಯಲ್ಲಿತ್ತು. 2010ರಲ್ಲಿ ಅದನ್ನು ಶೇ. 95ಕ್ಕೆ ಇಳಿಸಿದರು. ನಾಲ್ಕು ಗಂಟೆ ತುಂಬುವುದಕ್ಕೆ ಸ್ವಲ್ಪ ಮುಂಚಿನ ನಿಮಿಷಗಳಲ್ಲಿ ರೋಗಿಗಳು ದಂಡುದಂಡಾಗಿ ವಿಭಾಗದಿಂದ ಹೊರಬೀಳುತ್ತಿದ್ದರು. ಆದರೂ ಆ ಗುರಿಯಿಂದ ಕಾಯುವಿಕೆ ನಿಜಕ್ಕೂ ಇಳಿಯಿತು ಎಂಬುದನ್ನು ಒಪ್ಪಲೇಬೇಕು. ನಾವು ಕಲಿಯಬೇಕಾದದ್ದು ಆ ಗುರಿಯ ರಚನೆಯಿಂದ. ಅದು ಸರಾಸರಿಯಲ್ಲ, ಬಂದ ಎಲ್ಲರಲ್ಲಿ ಎಷ್ಟು ಪಾಲು ಎಂಬ ಲೆಕ್ಕ. ಅದರ ಗಡಿಯಾರ ನರ್ಸು ಬಂದು ಹೆಸರು ಕೇಳಿದಾಗ ನಿಲ್ಲುವುದಿಲ್ಲ, ರೋಗಿಯ ವಿಷಯದಲ್ಲಿ ಒಂದು ತೀರ್ಮಾನವಾಗಿ ಅವನು ಅಲ್ಲಿಂದ ಹೊರಟಾಗ ನಿಲ್ಲುತ್ತದೆ. ಇಷ್ಟು ಎಚ್ಚರದಿಂದ ಕಟ್ಟಿದ ಗುರಿಯೂ ನಡವಳಿಕೆಯನ್ನು ಬಾಗಿಸಿತು ಎಂದ ಮೇಲೆ, ಮೊದಲ ‘ನಮಸ್ಕಾರ’ಕ್ಕೇ ನಿಂತುಬಿಡುವ ಗಡಿಯಾರದಿಂದ ಏನನ್ನು ನಿರೀಕ್ಷಿಸಬಹುದು?

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ಸರಿಯಾದದ್ದೇ. ಅಳತೆ ಇಲ್ಲದಿದ್ದರೆ ಮೆಸೇಜುಗಳು ದಿನಗಟ್ಟಲೆ ಬಿದ್ದಿರುತ್ತವೆ. ಗುರಿ ಇಲ್ಲದಿದ್ದರೆ ಯಾರೂ ಅವಸರ ಮಾಡುವುದಿಲ್ಲ. ಗ್ರಾಹಕರಿಗೆ ತಡಕ್ಕಿಂತಲೂ ನೋವು ಕೊಡುವುದು ಮೌನ, ಆದ್ದರಿಂದ ಮೊದಲ ಮಾತಿಗೆ ಬೆಲೆ ಇದೆ. ಇದೆಲ್ಲವೂ ನಿಜ. ಆದರೆ ಈ ಕಾಳಜಿಗೆ ಸರಾಸರಿಯೇ ಮದ್ದಲ್ಲ. 2015ರಲ್ಲಿ ಫೇಸ್‌ಬುಕ್ ಸಂಸ್ಥೆ, ಮೆಸೇಜುಗಳಿಗೆ ಬೇಗ ಸ್ಪಂದಿಸುವ ಪುಟಗಳಿಗೆ ಒಂದು ಗುರುತು ಕೊಡಲು ಶುರುಮಾಡಿದಾಗ ಎರಡು ಷರತ್ತು ಹಾಕಿತ್ತು: ಬಂದ ಮೆಸೇಜುಗಳಲ್ಲಿ ಶೇ. 90ಕ್ಕೆ ಉತ್ತರ ಹೋಗಿರಬೇಕು, ಮತ್ತು ಉತ್ತರದ ಸಮಯದ ಮಧ್ಯಾಂಕ 5 ನಿಮಿಷದೊಳಗೆ ಇರಬೇಕು. ಎಷ್ಟು ಬೇಗ ಎಂಬುದರ ಜೊತೆಗೆ ಎಷ್ಟು ಜನಕ್ಕೆ ಎಂಬುದನ್ನೂ ಕೇಳಿದ್ದರಿಂದ ಗ್ರಾಹಕರನ್ನು ಕೈಬಿಟ್ಟು ಅಂಕಿ ಗೆಲ್ಲುವ ದಾರಿ ಬಹುಮಟ್ಟಿಗೆ ಮುಚ್ಚಿತು. ಮಧ್ಯಾಂಕವೆಂದರೆ ಎಲ್ಲ ಸಮಯಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ನಿಲ್ಲುವುದು. ನಮ್ಮ ಸೀರೆ ಅಂಗಡಿಯಲ್ಲಿ ಅದು 5 ನಿಮಿಷ. ಸಾಮಾನ್ಯ ಗ್ರಾಹಕನ ಅನುಭವವನ್ನು ಅದು ನಿಜವಾಗಿ ಹೇಳುತ್ತದೆ, ಒಂದೆರಡು ದೊಡ್ಡ ತಡಗಳಿಂದ ಎಲ್ಲೆಲ್ಲಿಗೋ ಹಾರುವುದಿಲ್ಲ.

ವಾರದ ಗುರಿಗೆ ಇನ್ನೊಂದು ತೊಡಕಿದೆ. ನಮ್ಮ ಅಂಗಡಿಯಲ್ಲಿ ಏನೇನೂ ಬದಲಾಗಲಿಲ್ಲ, ಆದರೆ ಶನಿವಾರ ರಾತ್ರಿ ಐವರ ಬದಲು ಇಬ್ಬರೇ ಮೆಸೇಜು ಕಳಿಸಿದರು ಎನ್ನಿ. ಆ ವಾರದ ಸರಾಸರಿ 58 ನಿಮಿಷ. ಎಂಟು ಜನ ಕಳಿಸಿದ್ದರೆ 3 ಗಂಟೆ 4 ನಿಮಿಷ. ಅದೇ ಜನ, ಅದೇ ಶ್ರದ್ಧೆ, ಅದೇ ಕೆಲಸ, ಅಂಕಿ ಮಾತ್ರ ಮೂರು ಪಟ್ಟು ಬೇರೆ. ಮೊದಲ ವಾರ ಹೊಗಳಿಕೆ, ಮುಂದಿನ ವಾರ ಬೈಗುಳ, ಎರಡಕ್ಕೂ ಆಧಾರವಿಲ್ಲ. ನೂರಿನ್ನೂರು ಮೆಸೇಜುಗಳಷ್ಟೇ ಬರುವ ಸಣ್ಣ ಸಂಸ್ಥೆಯಲ್ಲಿ ವಾರದಿಂದ ವಾರಕ್ಕೆ ಸರಾಸರಿಯ ಏರಿಳಿತ ಬಹಳಷ್ಟು ಮಟ್ಟಿಗೆ ಆಕಸ್ಮಿಕ. ಜೊತೆಗೆ ಶನಿವಾರದ ಮೆಸೇಜನ್ನು ಯಾವ ವಾರಕ್ಕೆ ಸೇರಿಸಬೇಕು ಎಂಬ ಪ್ರಶ್ನೆ ಇದೆ. ಉತ್ತರ ಹೋದ ದಿನವನ್ನು ಹಿಡಿದರೆ ಹೊಸ ವಾರ ಸಾಲದ ಹೊರೆಯೊಂದಿಗೇ ಶುರುವಾಗುತ್ತದೆ. ಬಂದ ದಿನವನ್ನು ಹಿಡಿದರೆ ಹೋದ ವಾರದ ವರದಿ ಮುಗಿದ ಮೇಲೂ ಬದಲಾಗುತ್ತಿರುತ್ತದೆ. ಕೆಲಸದ ವೇಳೆಯನ್ನಷ್ಟೇ ಎಣಿಸಿದರೆ ಸಿಬ್ಬಂದಿಗೆ ನ್ಯಾಯ ಸಿಗುತ್ತದೆ, ಆದರೆ ಗ್ರಾಹಕ ಕಾದ 36 ಗಂಟೆ ಕಾಗದದ ಮೇಲೆ ಕೆಲವೇ ನಿಮಿಷವಾಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯದೆ ಬೇರೆ ದಾರಿ ಇಲ್ಲ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ. ತಡವಾಗುವುದಾದರೂ ಏಕೆ? ಗುರಿ ಇಡುವವರು ಸಾಮಾನ್ಯವಾಗಿ ಉತ್ತರಿಸುವವರ ವೇಗವೇ ಕಾರಣ ಎಂದುಕೊಳ್ಳುತ್ತಾರೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಎರ್ಲಾಂಗ್ 1909ರಿಂದ ಪ್ರಕಟಿಸಿದ ಲೇಖನಗಳಲ್ಲಿ ಸರದಿ ಸಾಲುಗಳ ಗಣಿತಕ್ಕೆ ಅಡಿಪಾಯ ಹಾಕಿದ. ಆ ಗಣಿತ ಬೇರೆಯದನ್ನೇ ಹೇಳುತ್ತದೆ. ಒಬ್ಬರು ಒಂದು ಮೆಸೇಜನ್ನು ಮುಗಿಸಲು ಸರಾಸರಿ 6 ನಿಮಿಷ ತೆಗೆದುಕೊಳ್ಳುತ್ತಾರೆ ಎನ್ನೋಣ, ಅಂದರೆ ಗಂಟೆಗೆ ಹೆಚ್ಚೆಂದರೆ ಹತ್ತು. ಮೆಸೇಜುಗಳು ಹೊತ್ತು ಗೊತ್ತಿಲ್ಲದೆ ಗಂಟೆಗೆ ಸರಾಸರಿ ಎಂಟು ಬಂದರೆ, ಸಾಲಿನಲ್ಲಿ ಕಾಯುವ ಹೊತ್ತು ಸರಾಸರಿ 24 ನಿಮಿಷ. ಒಂಬತ್ತು ಬಂದರೆ 54 ನಿಮಿಷ. ಗಂಟೆಗೆ ಒಂದೇ ಒಂದು ಮೆಸೇಜು ಹೆಚ್ಚಾದದ್ದಕ್ಕೆ ಕಾಯುವಿಕೆ ಎರಡು ಪಟ್ಟಿಗಿಂತ ಹೆಚ್ಚಾಯಿತು, ಉತ್ತರಿಸುವವರ ವೇಗ ಕೂದಲಷ್ಟೂ ಬದಲಾಗದೆ. ಬಿಡುವೇ ಇಲ್ಲದಂತೆ ಕೆಲಸ ತುಂಬಿದಷ್ಟೂ ಸಾಲು ಉದ್ದವಾಗುತ್ತದೆ.

ಈ ಸ್ಥಿತಿಯಲ್ಲಿ ಗುರಿ ಬಂತು. ನೌಕರರು ಅವಸರ ಮಾಡಿ 6 ನಿಮಿಷದ ಕೆಲಸವನ್ನು ಐದೂವರೆಗೆ ಇಳಿಸಿದರು. ಗಂಟೆಗೆ ಒಂಬತ್ತು ಮೆಸೇಜಿಗೆ ಕಾಯುವಿಕೆ 54ರಿಂದ ಸುಮಾರು 26 ನಿಮಿಷಕ್ಕೆ ಇಳಿಯುತ್ತದೆ. ಗುರಿ ಗೆದ್ದಂತೆ ಕಾಣುತ್ತದೆ. ಆದರೆ ಅವಸರದ ಉತ್ತರ ಅರೆಬರೆಯಾಗಿದ್ದರಿಂದ ಹತ್ತರಲ್ಲಿ ಒಬ್ಬರಷ್ಟು ಜನ ಮತ್ತೆ ಕೇಳಬೇಕಾಯಿತು ಎನ್ನಿ. ಆಗ ಗಂಟೆಗೆ ಬರುವುದು 9.9 ಮೆಸೇಜು, ಕಾಯುವಿಕೆ ಮತ್ತೆ 54 ನಿಮಿಷಕ್ಕೇ ಬಂದು ನಿಲ್ಲುತ್ತದೆ. ಅವಸರದ ಲಾಭವನ್ನೆಲ್ಲ ಮರುಪ್ರಶ್ನೆಗಳು ನುಂಗಿದವು, ಉತ್ತರದ ಗುಣಮಟ್ಟವೂ ಹೋಯಿತು. ಅದೇ, ನೂಕುನುಗ್ಗಲಿನ ಹೊತ್ತಿಗೆ ಇನ್ನೊಬ್ಬರನ್ನು ಜೊತೆಗೆ ಕೂರಿಸಿದರೆ, ಇಬ್ಬರೂ ಆರಾಮವಾಗಿ 6 ನಿಮಿಷ ತೆಗೆದುಕೊಂಡರೂ, ಕಾಯುವಿಕೆ ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಶಿಫ್ಟಿನಲ್ಲಿ ಎಷ್ಟು ಜನ ಇರಬೇಕು, ಭಾನುವಾರ ಒಂದೆರಡು ಗಂಟೆ ಯಾರಾದರೂ ಮೆಸೇಜು ನೋಡಬೇಕೇ ಎಂದು ತೀರ್ಮಾನಿಸುವವರು ಉತ್ತರಿಸುವ ನೌಕರರಲ್ಲ, ಗುರಿ ಇಟ್ಟವರು. ತನ್ನ ಕೈಯಲ್ಲಿಲ್ಲದ ಕಾರಣಕ್ಕೆ ಲೆಕ್ಕ ಒಪ್ಪಿಸಬೇಕಾದವನು ಲೆಕ್ಕವನ್ನೇ ಬಗ್ಗಿಸಲು ಕಲಿಯುತ್ತಾನೆ.

ಭಾನುವಾರದ ಪ್ರಶ್ನೆ ಬರೀ ಸೌಜನ್ಯದ್ದಲ್ಲ. ದೊಡ್ಡ ಸಂಸ್ಥೆಗಳು ಸಾಫ್ಟ್‌ವೇರ್ ಜೋಡಿಸಿ ಬಳಸುವ ವಾಟ್ಸಾಪ್ ಬಿಸಿನೆಸ್ ವ್ಯವಸ್ಥೆಯಲ್ಲಿ, ಗ್ರಾಹಕರ ಕೊನೆಯ ಮೆಸೇಜು ಬಂದು 24 ಗಂಟೆಯವರೆಗೆ ಮಾತ್ರ ಸಂಸ್ಥೆ ತನಗೆ ಬೇಕಾದಂತೆ ಬರೆದು ಉತ್ತರಿಸಬಹುದು. ಆಮೇಲೆ ಮೊದಲೇ ಒಪ್ಪಿಗೆ ಪಡೆದ ಸಿದ್ಧ ಮಾದರಿಯ ಮೆಸೇಜನ್ನಷ್ಟೇ ಕಳಿಸಲು ಸಾಧ್ಯ. ಶನಿವಾರ ರಾತ್ರಿ ಕೇಳಿದವರಿಗೆ ಸೋಮವಾರ ಬೆಳಿಗ್ಗೆ ಬರೆಯಹೊರಟರೆ ಆ ಬಾಗಿಲು ಮುಚ್ಚಿಯಾಗಿರುತ್ತದೆ. 23 ಗಂಟೆಗೂ 25 ಗಂಟೆಗೂ ಸರಾಸರಿಯಲ್ಲಿ ವ್ಯತ್ಯಾಸ ಅಲ್ಪ, ಗ್ರಾಹಕರ ಪಾಲಿಗೆ ಅದು ಉತ್ತರ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ವ್ಯತ್ಯಾಸ.

ಹಾಗಾದರೆ ಏನನ್ನು ಅಳೆಯಬೇಕು? ಗುರಿ ಬೇಕೇ ಬೇಕೆಂದರೆ ಅದು ಪಾಲಿನ ರೂಪದಲ್ಲಿರಲಿ: ಬಂದ ಎಲ್ಲ ಮೆಸೇಜುಗಳಲ್ಲಿ ಎಷ್ಟಕ್ಕೆ ಒಂದು ಗಂಟೆಯೊಳಗೆ ಮನುಷ್ಯರು ಬರೆದ, ಪ್ರಶ್ನೆಗೆ ತಕ್ಕ ಉತ್ತರ ಹೋಯಿತು? ನಮ್ಮ ಅಂಗಡಿಯ ಆ ಉತ್ತರಗಳೆಲ್ಲ ಪ್ರಶ್ನೆಗೆ ತಕ್ಕವೇ ಆಗಿದ್ದರೆ ಅದು ನೂರಕ್ಕೆ 92. ಶನಿವಾರದ ಐವರನ್ನು ಕೈಬಿಟ್ಟರೂ ಅದು 92ರಲ್ಲೇ ಉಳಿಯುತ್ತದೆ, ಏಕೆಂದರೆ ಉತ್ತರ ಸಿಗದವರೂ ನೂರರೊಳಗೆ ಇದ್ದಾರೆ. ಅವರಿಗೆ ಸಮಯಕ್ಕೆ ಉತ್ತರ ಕೊಟ್ಟರೆ 97ಕ್ಕೆ ಏರುತ್ತದೆ. ಹೀಗೆ ಒಳ್ಳೆಯ ಕೆಲಸಕ್ಕೂ ಒಳ್ಳೆಯ ಅಂಕಿಗೂ ದಾರಿ ಒಂದೇ ಆಗುತ್ತದೆ. ಈ ಅಳತೆಗೂ ಒಂದು ಕುಂದಿದೆ. ಗಂಟೆ ದಾಟಿದ ಮೆಸೇಜಿಗೆ ಅದರ ಕಣ್ಣಲ್ಲಿ ಬೆಲೆ ಇಲ್ಲ, ಇವತ್ತು ಉತ್ತರಿಸಿದರೂ ನಾಳೆ ಉತ್ತರಿಸಿದರೂ ಒಂದೇ. ಅದಕ್ಕಾಗಿ ಅದರ ಪಕ್ಕದಲ್ಲೇ ದಿನವೂ ಇನ್ನೊಂದು ಅಂಕಿ ಬೇಕು: ಈ ಕ್ಷಣ ಎಷ್ಟು ಜನ ಕಾಯುತ್ತಿದ್ದಾರೆ, ಅವರಲ್ಲಿ ಎಲ್ಲರಿಗಿಂತ ಹಳಬರು ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ? ಇದನ್ನು ಹೊಸ ಮೆಸೇಜುಗಳಿಂದ ಮರೆಮಾಡಲಾಗದು. ಹಳೆಯದಕ್ಕೆ ಉತ್ತರ ಕೊಟ್ಟರೆ ಮಾತ್ರ ಅದು ಇಳಿಯುತ್ತದೆ.

ಪ್ರಶ್ನೆಗೆ ತಕ್ಕ ಉತ್ತರವೇ ಎಂಬುದನ್ನು ಯಂತ್ರದ ಲೆಕ್ಕ ಹೇಳದು. ವಾರಕ್ಕೆ ಇಪ್ಪತ್ತು ಸಂಭಾಷಣೆಗಳನ್ನು ಚೀಟಿ ಎತ್ತಿದಂತೆ ಆರಿಸಿ, ಜವಾಬ್ದಾರಿ ಸ್ಥಾನದಲ್ಲಿರುವವರು ಮೊದಲಿನಿಂದ ಕೊನೆಯವರೆಗೆ ಓದಬೇಕು. ಒಂದು ಗಂಟೆಯ ಕೆಲಸ ಅದು. ಎಲ್ಲಿ ಉತ್ತರ ಅರೆಬರೆಯಾಯಿತು, ಯಾವ ಪ್ರಶ್ನೆ ಪದೇ ಪದೇ ಬರುತ್ತಿದೆ ಎಂಬುದು ಅದರಿಂದ ತಿಳಿಯುವಷ್ಟು ಯಾವ ಡ್ಯಾಶ್‌ಬೋರ್ಡಿನಿಂದಲೂ ತಿಳಿಯುವುದಿಲ್ಲ. ವಾರದ ಅಂಕಿಗಳನ್ನು ನೋಡುತ್ತಿರಿ, ಬರೆದಿಡಿ, ಆದರೆ ಮೂರು ತಿಂಗಳ ಸಾಲನ್ನು ಒಟ್ಟಿಗೆ ಹರಡಿಕೊಂಡೇ ತೀರ್ಪು ಕೊಡಿ. ಆ ತೀರ್ಪು ಮೊದಲು ಶಿಫ್ಟುಗಳ ಹಂಚಿಕೆಯ ಮೇಲೆ, ಜನರ ಸಂಖ್ಯೆಯ ಮೇಲೆ ಬೀಳಲಿ, ಆಮೇಲೆ ನೌಕರರ ಮೇಲೆ.

ಸರಾಸರಿಯನ್ನು ಡ್ಯಾಶ್‌ಬೋರ್ಡಿನಿಂದ ಅಳಿಸಬೇಕಾಗಿಲ್ಲ, ಗುರಿಯ ಪಟ್ಟದಿಂದ ಇಳಿಸಿದರೆ ಸಾಕು. ಬರುವ ಸೋಮವಾರದ ಮೀಟಿಂಗಿನಲ್ಲಿ ಸರಾಸರಿ ಎಷ್ಟು ಎಂದು ಕೇಳುವ ಮೊದಲು ಉತ್ತರ ಸಿಗದವರು ಎಷ್ಟು ಜನ ಎಂದು ಕೇಳಿ, ಅವರ ಹೆಸರುಗಳ ಪಟ್ಟಿ ತರಿಸಿ, ಅವತ್ತೇ ಅವರಿಗೆ ಉತ್ತರ ಬರೆಸಿ.